ಭಾನುವಾರ ಕರೆದರೆ ಡಬಲ್ ಕೂಲಿಯೋ, ಬದಲಿ ರಜೆಯೋ? ಕಾರ್ಮಿಕ ಇಲಾಖೆಗೆ ಒಂದು ಬಹಿರಂಗ ಪತ್ರ

ಇವರಿಗೆ,
ಕರ್ನಾಟಕ ಸರ್ಕಾರದ ಕಾರ್ಮಿಕ ಇಲಾಖೆ ಮತ್ತು ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಹಾಗೂ ಸ್ವಾಸ್ಥ್ಯ ಇಲಾಖೆಯ ಅಧಿಕಾರಿಗಳಿಗೆ

ಮಾನ್ಯರೇ,

ಶನಿವಾರ ಸಂಜೆ ನಾಲ್ಕೂವರೆಗೆ ಸೂಪರ್‌ವೈಸರ್ ಲೈನಿನ ತುದಿಯಲ್ಲಿ ನಿಂತು, "ಶಿಪ್‌ಮೆಂಟ್ ಇದೆ, ನಾಳೆ ಎಲ್ಲರೂ ಬರಬೇಕು" ಅಂತ ಹೇಳುತ್ತಾರೆ. ಪೀಣ್ಯ, ಬೊಮ್ಮಸಂದ್ರ, ದೊಡ್ಡಬಳ್ಳಾಪುರ, ಎಲ್ಲಿ ಕೇಳಿದರೂ ಇದೇ ಮಾತು. ಅದರ ಹಿಂದೆಯೇ ಇನ್ನೊಂದು ಮಾತು ಬರುತ್ತದೆ: "ಓಟಿ ಬೇಕಾದವರಿಗೆ ಓಟಿ, ಬೇಡದವರಿಗೆ ಕಾಂಪ್ ಆಫ್." ಓಟಿ ಎಂದರೆ ಹೆಚ್ಚಿನ ಗಂಟೆಗೆ ಡಬಲ್ ಕೂಲಿ, ಕಾಂಪ್ ಆಫ್ ಎಂದರೆ ಬದಲಿ ರಜೆ. ಕೇಳುವುದಕ್ಕೆ ಇದು ನ್ಯಾಯವಾಗಿಯೇ ಇದೆ. ಎರಡರಲ್ಲಿ ಒಂದು ಸಿಕ್ಕರೆ ಸಾಕಲ್ಲ ಎಂದು ಕಾರ್ಮಿಕರೂ ನಂಬಿದ್ದಾರೆ, ಎಚ್‌ಆರ್‌ನವರೂ ನಂಬಿದ್ದಾರೆ, ಕೆಲವು ಇನ್‌ಸ್ಪೆಕ್ಟರುಗಳೂ ಒಪ್ಪಿಬಿಟ್ಟಿದ್ದಾರೆ. ಈ ನಂಬಿಕೆ ತಪ್ಪು ಎಂಬುದನ್ನು ಲೆಕ್ಕದ ಸಮೇತ ನಿಮ್ಮ ಮುಂದಿಡಲು ಈ ಪತ್ರ ಬರೆಯುತ್ತಿದ್ದೇವೆ. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು, 1948ರ ಕಾರ್ಖಾನೆಗಳ ಕಾಯ್ದೆ ಹಿಂದೆ ಸರಿದಿದೆ. ವಾರದ ರಜೆಯ ವಿಷಯದಲ್ಲಿ ಸಂಹಿತೆ ಹೇಳದೆ ಬಿಟ್ಟದ್ದು ಬಹಳ. ಅದನ್ನೆಲ್ಲ ತುಂಬಬೇಕಾದದ್ದು ರಾಜ್ಯದ ನಿಯಮ. ಆದ್ದರಿಂದ ಈ ಮಾತನ್ನು ನಿಮಗೇ ಹೇಳಬೇಕು.

ಮೊದಲು, "ಅದು ಅಥವಾ ಇದು" ಎಂಬ ಆಯ್ಕೆ ಎಲ್ಲಿಂದ ಬಂತು ನೋಡೋಣ. ಅದು ಹಬ್ಬದ ರಜೆಯ ಕಾನೂನಿನಿಂದ ಬಂದದ್ದು. ಕರ್ನಾಟಕದಲ್ಲಿ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳಿಗೆ 1963ರದೇ ಒಂದು ಪ್ರತ್ಯೇಕ ಕಾಯ್ದೆ ಇದೆ. ಆಗಸ್ಟ್ 15ರಂದೋ ಯುಗಾದಿಯ ದಿನವೋ ಕೆಲಸಕ್ಕೆ ಕರೆದರೆ ಆ ದಿನಕ್ಕೆ ಎರಡು ಪಟ್ಟು ಕೂಲಿ, ಇಲ್ಲವೇ ಆ ದಿನದ ಕೂಲಿಯ ಜೊತೆಗೆ ಸಂಬಳ ಸಹಿತ ಬದಲಿ ರಜೆ ಎಂದು ಅದು ಹೇಳುತ್ತದೆ. ಅಲ್ಲಿ ಆಯ್ಕೆ ಇರುವುದು ನಿಜ. ಆ ಆಯ್ಕೆಯನ್ನೇ ತಂದು ವಾರದ ರಜೆಗೆ ಅಂಟಿಸಿದ್ದಾರೆ. ವಾರದ ರಜೆಯ ಕಾನೂನು ಬೇರೆ ತರಹದ್ದು. ಕಾರ್ಖಾನೆಗಳ ಕಾಯ್ದೆಯ 52ನೇ ಸೆಕ್ಷನ್, ವಾರದ ರಜೆಯ ದಿನ ವಯಸ್ಕ ಕಾರ್ಮಿಕರಿಂದ ಕೆಲಸ ಮಾಡಿಸಲೂ ಕೂಡದು, ಮಾಡಲು ಬಿಡಲೂ ಕೂಡದು ಎಂದಿತ್ತು. "ಬಿಡಲೂ ಕೂಡದು" ಎಂಬ ಮಾತು ಮುಖ್ಯ. ಕಾರ್ಮಿಕರೇ ಒಪ್ಪಿ ಬಂದರೂ, ದುಡ್ಡು ಬೇಕೆಂದು ಕೇಳಿ ಬಂದರೂ, ಬದಲಿ ದಿನ ಗೊತ್ತು ಮಾಡದೆ ಒಳಗೆ ಬಿಟ್ಟುಕೊಳ್ಳುವಂತಿರಲಿಲ್ಲ. ಎರಡು ಪಟ್ಟು ಕೂಲಿ ಬರುತ್ತಿದ್ದದ್ದು ಬೇರೆಯದೇ ಸೆಕ್ಷನ್ನಿನಿಂದ, ಅಂದರೆ 59ರಿಂದ. ಅದು ರಜೆಯ ಮಾತೇ ಎತ್ತುತ್ತಿರಲಿಲ್ಲ. ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ದಾಟಿದ ಕೆಲಸಕ್ಕೆ ಎರಡರಷ್ಟು ದರ ಎನ್ನುತ್ತಿತ್ತು, ಅಷ್ಟೆ. ಹೀಗೆ ರಜೆ ಒಂದು ಕರ್ತವ್ಯ, ಡಬಲ್ ಕೂಲಿ ಇನ್ನೊಂದು ಕರ್ತವ್ಯ. ಒಂದನ್ನು ಕೊಟ್ಟು ಇನ್ನೊಂದನ್ನು ತೀರಿಸಲು ಬರುವುದಿಲ್ಲ.

ಇದನ್ನು ಒಂದು ತಿಂಗಳ ಕ್ಯಾಲೆಂಡರಿನಲ್ಲಿ ನೋಡಿದರೆ ಚೆನ್ನಾಗಿ ಗೊತ್ತಾಗುತ್ತದೆ. 2026ರ ಜೂನ್ ತಿಂಗಳನ್ನು ತೆಗೆದುಕೊಳ್ಳಿ. ಒಂದನೇ ತಾರೀಕು ಸೋಮವಾರ. ಭಾನುವಾರಗಳು 7, 14, 21, 28. ನಾಲ್ಕು ಭಾನುವಾರ ಕಳೆದರೆ ಸರಿಯಾಗಿ 26 ದುಡಿಮೆಯ ದಿನ. ಒಬ್ಬ ಟೈಲರಿಗೆ ಬೇಸಿಕ್ ಮತ್ತು ಡಿಎ ಸೇರಿ ತಿಂಗಳಿಗೆ 15,600 ರೂಪಾಯಿ ಎಂದುಕೊಳ್ಳೋಣ. 26ರಿಂದ ಭಾಗಿಸಿದರೆ ದಿನಕ್ಕೆ 600, ಎಂಟು ಗಂಟೆಯ ಶಿಫ್ಟಿನಲ್ಲಿ ಗಂಟೆಗೆ 75. ಡಬಲ್ ದರ ಗಂಟೆಗೆ 150. ಈಗ 14ನೇ ತಾರೀಕು ಭಾನುವಾರ ಅವರನ್ನು ಇಡೀ ಶಿಫ್ಟಿಗೆ ಕರೆದರು ಎನ್ನಿ.

ಹಳೆಯ ಲೆಕ್ಕದಲ್ಲಿ ಕಾನೂನುಬದ್ಧ ದಾರಿ ಒಂದೇ. ಆ ಭಾನುವಾರದ ಹಿಂದಿನ ಮೂರು ದಿನ ಅಥವಾ ಮುಂದಿನ ಮೂರು ದಿನಗಳೊಳಗೆ ಒಂದು ಇಡೀ ದಿನ ರಜೆ ಕೊಡಬೇಕು. ಅಂದರೆ 11, 12, 13, ಇಲ್ಲವೇ 15, 16, 17. ಮಂಗಳವಾರ 16ಕ್ಕೆ ಕೊಟ್ಟರೆಂದು ಇಟ್ಟುಕೊಳ್ಳಿ. ಕಾರ್ಖಾನೆಯ ವಾರ ಶನಿವಾರದ ಮಧ್ಯರಾತ್ರಿಯಿಂದ ಶುರು. ಹಾಗಾಗಿ 14ರಿಂದ 20ರ ವಾರದಲ್ಲಿ ಮಂಗಳವಾರ ಬಿಟ್ಟು ಆರು ದಿನ, 48 ಗಂಟೆ. ಓಟಿ ಬರುವುದಿಲ್ಲ, 15,600ರಲ್ಲಿ ಒಂದು ರೂಪಾಯಿಯೂ ಕಡಿತವಾಗುವಂತಿಲ್ಲ. ಗುರುವಾರ 11ಕ್ಕೆ, ಮುಂಚಿತವಾಗಿಯೇ ಕೊಟ್ಟಿದ್ದರೆ ಭಾನುವಾರದ ಎಂಟು ಗಂಟೆಯನ್ನು ಹಿಂದಿನ ವಾರಕ್ಕೆ ಸೇರಿಸಿ ಎಣಿಸಬೇಕೆಂದು ಅದೇ 52ನೇ ಸೆಕ್ಷನ್ ಹೇಳಿತ್ತು. ಆಗಲೂ 48ಕ್ಕೇ ನಿಲ್ಲುತ್ತದೆ.

ಬದಲಿ ರಜೆ ಕೊಡದೇ ಹೋದರೆ ವಾರಕ್ಕೆ 56 ಗಂಟೆ. ಮೇಲಿನ 8 ಗಂಟೆಗೆ 150ರಂತೆ 1,200 ರೂಪಾಯಿ, ತಿಂಗಳ ಸಂಬಳದ ಮೇಲೆ. ಆದರೆ ಈ 1,200 ಕೊಟ್ಟ ಮಾತ್ರಕ್ಕೆ ಕಾರ್ಖಾನೆ ಸರಿಯಾಗಲಿಲ್ಲ. ರಜೆಯ ಉಲ್ಲಂಘನೆ ಉಲ್ಲಂಘನೆಯಾಗಿಯೇ ಉಳಿಯಿತು. ನಮ್ಮಲ್ಲಿ ಇನ್‌ಸ್ಪೆಕ್ಷನ್ ನಡೆಯುವಾಗ ಡಬಲ್ ಓಟಿಯ ರಿಜಿಸ್ಟರ್ ತೋರಿಸಿದರೆ ಅಲ್ಲಿಗೇ ಮಾತು ಮುಗಿಯುತ್ತದೆ. ಆ ರಿಜಿಸ್ಟರೇ ರಜೆ ತಪ್ಪಿಸಿದ್ದಕ್ಕೆ ಸಾಕ್ಷಿ ಎಂದು ಯಾರೂ ಓದುವುದಿಲ್ಲ.

ಬದಲಿ ದಿನ ಕೊಡುವುದಾದರೂ ಬಾಯಿಮಾತಿನಲ್ಲಿ ಆಗುವ ಕೆಲಸವಾಗಿರಲಿಲ್ಲ. ಮ್ಯಾನೇಜರ್ ನೋಟಿಸನ್ನು ಇನ್‌ಸ್ಪೆಕ್ಟರ ಕಚೇರಿಗೆ ತಲುಪಿಸಿ, ಕಾರ್ಖಾನೆಯಲ್ಲೂ ಹಾಕಬೇಕಿತ್ತು. ಯಾವಾಗ? ಕೆಲಸಕ್ಕೆ ಕರೆಯುವ ದಿನ, ಬದಲಿ ರಜೆಯ ದಿನ, ಇವೆರಡರಲ್ಲಿ ಯಾವುದು ಮೊದಲು ಬರುತ್ತದೋ ಅದಕ್ಕೂ ಮುಂಚೆ. ಈ ಒಂದು ಷರತ್ತು ಎಷ್ಟು ಕೆಲಸ ಮಾಡುತ್ತಿತ್ತೆಂದು ನೋಡಿ. ಗಾರ್ಮೆಂಟ್ಸ್‌ನಲ್ಲಿ ಆಗಾಗ ಬಟ್ಟೆ ಬರುವುದು ತಡವಾಗುತ್ತದೆ, ಕಟಿಂಗ್‌ನಿಂದ ಮಾಲು ಇಳಿಯುವುದಿಲ್ಲ, ಲೈನ್ ಖಾಲಿ ಕೂರುತ್ತದೆ. ಗುರುವಾರ ಬೆಳಗ್ಗೆ ಬಂದವರನ್ನು "ಇವತ್ತು ಕೆಲಸ ಇಲ್ಲ, ಹೋಗಿ" ಎಂದು ವಾಪಸು ಕಳಿಸುತ್ತಾರೆ. ಶನಿವಾರ ಬಟ್ಟೆ ಬರುತ್ತದೆ. ಆಗ, "ಗುರುವಾರ ರಜೆ ಕೊಟ್ಟಿದ್ದೆವಲ್ಲ, ಅದರ ಬದಲಿಗೆ ಭಾನುವಾರ ಬನ್ನಿ" ಎನ್ನುತ್ತಾರೆ. ಲೆಕ್ಕಕ್ಕೆ ಮೂರು ದಿನದೊಳಗೇ ಇದೆ, ಹಾಜರಿ ಪುಸ್ತಕ ನೋಡಿದವರಿಗೆ ತಪ್ಪೇ ಕಾಣುವುದಿಲ್ಲ. ಆದರೆ ನೋಟಿಸು ಗುರುವಾರಕ್ಕಿಂತ ಮುಂಚೆ ಹಾಕಿರಲಿಲ್ಲ. ಆ ಗುರುವಾರ ವಾರದ ರಜೆಯೇ ಅಲ್ಲ. ಮಾಲಿಕರು ಕೆಲಸ ಒದಗಿಸಲಾಗದೆ ಹೋದ ದಿನ ಅದು, ಅದಕ್ಕೆ ಲೇ ಆಫ್‌ನ ಪರಿಹಾರದ ಲೆಕ್ಕ ಬೇರೆಯೇ ಇದೆ. ತನ್ನ ನಷ್ಟದ ದಿನವನ್ನು ಕಾರ್ಮಿಕರ ರಜೆಯ ಖಾತೆಗೆ ಬರೆಯುವುದನ್ನು ತಡೆಯುತ್ತಿದ್ದದ್ದು ಆ ನೋಟಿಸಿನ ತಾರೀಕು ಒಂದೇ.

ಇನ್ನು ಹತ್ತು ದಿನದ ಮಿತಿ. ಬದಲಿ ರಜೆ ಕೊಡುವ ನೆಪದಲ್ಲಿ ಯಾರೂ ಒಂದೇ ಸಮನೆ ಹತ್ತು ದಿನಕ್ಕಿಂತ ಹೆಚ್ಚು ದುಡಿಯುವಂತಾಗಬಾರದು ಎಂದು ಆ ಸೆಕ್ಷನ್ ಕಟ್ಟು ಹಾಕಿತ್ತು. ಮೂರು ದಿನದ ಕಿಟಕಿ ಇದ್ದಮೇಲೆ ಇದು ಯಾಕೆ ಎಂದು ಹಲವರು ಕೇಳುತ್ತಾರೆ. ಜೂನ್ 14 ಮತ್ತು 21, ಸಾಲಾಗಿ ಎರಡು ಭಾನುವಾರ ಕರೆದರೆ ಉತ್ತರ ಸಿಗುತ್ತದೆ. ಮೊದಲನೆಯದಕ್ಕೆ ಬದಲಿ ಗುರುವಾರ 11, ಎರಡನೆಯದಕ್ಕೆ ಬದಲಿ ಬುಧವಾರ 24. ಎರಡೂ ಮೂರು ದಿನದೊಳಗೇ ಇವೆ. ಆದರೆ 12ರ ಶುಕ್ರವಾರದಿಂದ 23ರ ಮಂಗಳವಾರದ ತನಕ ಎಣಿಸಿ ನೋಡಿ, ನಡುವೆ ಬಿಡುವೇ ಇಲ್ಲದ 12 ದಿನ. ಮೊದಲ ಬದಲಿಯನ್ನು 13ರ ಶನಿವಾರಕ್ಕೆ ಸರಿಸಿದರೆ ಸರಿಯಾಗಿ ಹತ್ತಕ್ಕೆ ನಿಲ್ಲುತ್ತದೆ. ಎರಡು ಕಟ್ಟು ಒಟ್ಟಿಗೆ ಇದ್ದರೆ ಮಾತ್ರ ರಜೆ ಉಳಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಸರಳ ಉದಾಹರಣೆ ಬೇಕಿಲ್ಲ.

ಈಗ ಸಂಹಿತೆಗೆ ಬನ್ನಿ. ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ 2020ರ 26ನೇ ಸೆಕ್ಷನ್, ಯಾವ ಕಾರ್ಮಿಕರನ್ನೂ ಯಾವುದೇ ಒಂದು ವಾರದಲ್ಲಿ ಆರು ದಿನಕ್ಕಿಂತ ಹೆಚ್ಚು ದುಡಿಯಲು ಬಿಡಬಾರದು ಎನ್ನುತ್ತದೆ. ಸರ್ಕಾರ ವಿನಾಯಿತಿ ಕೊಟ್ಟು ರಜೆ ತಪ್ಪಿದರೆ, ತಪ್ಪಿದಷ್ಟೇ ರಜೆಯನ್ನು ಆ ತಿಂಗಳೊಳಗೆ ಅಥವಾ ಮುಂದಿನ ಎರಡು ತಿಂಗಳೊಳಗೆ ಕೊಡಬೇಕು ಎನ್ನುತ್ತದೆ. ಅಷ್ಟೆ. ಮೂರು ದಿನದ ಕಿಟಕಿ ಇಲ್ಲ, ಹತ್ತು ದಿನದ ಮಿತಿ ಇಲ್ಲ, ಮುಂಚಿತ ನೋಟಿಸು ಇಲ್ಲ. ಬರೀ "ವಾರಕ್ಕೆ ಆರು ದಿನ" ಎಂಬ ಮಾತಿಗೆ ಅದೇ ಕ್ಯಾಲೆಂಡರಿನಲ್ಲಿ ಏನು ಅರ್ಥ ಬರುತ್ತದೆ? ಜೂನ್ 7 ಭಾನುವಾರ ರಜೆ. ಆ ವಾರಕ್ಕೆ ಉಳಿದ ಆರು ದಿನ ಕೆಲಸ. ಮುಂದಿನ ವಾರ 14ರ ಭಾನುವಾರದಿಂದ 19ರ ಶುಕ್ರವಾರದವರೆಗೆ ಆರು ದಿನ ಕೆಲಸ, 20ರ ಶನಿವಾರ ರಜೆ. ಎರಡೂ ವಾರ ಆರೇ ದಿನ, ಕಾನೂನು ಮುರಿದಿಲ್ಲ. ಆದರೆ 8ರಿಂದ 19ರವರೆಗೆ ಒಂದೇ ಸಮನೆ 12 ದಿನ ಆಯಿತು. ಹಳೆಯ ಕಾಯ್ದೆ ಯಾವುದನ್ನು ಹೆಸರಿಸಿ ತಡೆದಿತ್ತೋ ಅದೇ ಈಗ ಬರೆದದ್ದರ ಒಳಗೇ ನಡೆಯುತ್ತದೆ. ರಾಜ್ಯದ ನಿಯಮದಲ್ಲಿ ಮೂರು ದಿನ, ಹತ್ತು ದಿನ, ಮುಂಚಿತ ನೋಟಿಸು, ಈ ಮೂರೂ ಅಕ್ಷರಶಃ ಇರಲೇಬೇಕು ಎಂದು ನಾವು ಒತ್ತಿ ಹೇಳುವುದು ಇದಕ್ಕೇ.

ಆ ಎರಡು ತಿಂಗಳ ಗಡುವನ್ನೂ ಎಲ್ಲೆಡೆ ತಪ್ಪಾಗಿ ಬಳಸುತ್ತಿದ್ದಾರೆ. ಹಳೆಯ ಕಾಯ್ದೆಯ 53ರಲ್ಲೂ ಅದು ಇತ್ತು, ವಿನಾಯಿತಿ ಪಡೆದವರಿಗೆ ಮಾತ್ರ: ನಿರಂತರ ನಡೆಯಲೇಬೇಕಾದ ಪ್ರಕ್ರಿಯೆ, ತುರ್ತು ರಿಪೇರಿ, ಆ ತರಹದ ಕೆಲಸ. ಹೊಲಿಗೆ ಲೈನಿಗೂ ಪ್ಯಾಕಿಂಗಿಗೂ ಅದು ಅನ್ವಯಿಸುವುದಿಲ್ಲ. ಆದರೂ "ಕಾಂಪ್ ಆಫ್ ಮೂರು ತಿಂಗಳೊಳಗೆ ಯಾವಾಗ ಬೇಕಾದರೂ" ಎಂದು ಕಾರ್ಖಾನೆಗಳ ಪಾಲಿಸಿಯಲ್ಲಿ ಬರೆದುಕೊಂಡಿದ್ದಾರೆ. ಆ "ಯಾವಾಗ ಬೇಕಾದರೂ" ಎಂಬುದು ಕೊನೆಗೆ ಆರ್ಡರ್ ಇಲ್ಲದ ದಿನವಾಗುತ್ತದೆ, ಕೆಲಸ ಬಿಟ್ಟು ಹೋಗುವವರ ಪಾಲಿಗೆ ಏನೂ ಆಗುವುದಿಲ್ಲ.

ದುಡ್ಡಿನ ಲೆಕ್ಕ ಎಲ್ಲಿ ಜಾರುತ್ತದೆ ಎಂಬುದನ್ನೂ ಸ್ವಲ್ಪ ನಿಧಾನವಾಗಿ ನೋಡಬೇಕು. ಅದೇ ಟೈಲರಿನ ಅದೇ ಭಾನುವಾರಕ್ಕೆ 1,200 ಬರಬೇಕಲ್ಲವೇ. ಸಂಬಳವನ್ನು 26ರ ಬದಲು 30ರಿಂದ ಭಾಗಿಸಿದರೆ ದಿನಕ್ಕೆ 520, ಡಬಲ್ 1,040. ಆಗಲೇ 160 ಹೋಯಿತು. ಬಳಿಕ, "ಭಾನುವಾರದ ಒಂದು ಪಾಲು ತಿಂಗಳ ಸಂಬಳದಲ್ಲೇ ಬಂದಿದೆ, ಇನ್ನೊಂದು ಪಾಲು ಕೊಟ್ಟರೆ ಡಬಲ್ ಆಯಿತು" ಎಂದು 520 ಮಾತ್ರ ಕೈಗಿಡುತ್ತಾರೆ. ಇದನ್ನೇ ಲೈನಿನಲ್ಲಿ ಸಿಂಗಲ್ ಓಟಿ ಎನ್ನುವುದು. ಕಾನೂನಿನಲ್ಲಿ ಸಿಂಗಲ್ ಓಟಿ ಎಂಬುದೇ ಇಲ್ಲ. ತಿಂಗಳ ಸಂಬಳ ವಾರದ ರಜೆಯನ್ನೂ ಸೇರಿಸಿಕೊಂಡ ಸಂಬಳ. ರಜೆಯ ದಿನ ಮಾಡಿದ ಹೆಚ್ಚಿನ ಗಂಟೆಗೆ ಎರಡು ಪಟ್ಟು ಅಂದರೆ ಪೂರ್ತಿ ಎರಡು ಪಟ್ಟು, ಅದರಲ್ಲಿ ಒಂದು ಪಟ್ಟನ್ನು ಸಂಬಳದಿಂದ ಕಳೆಯಲು ಯಾವ ಸೆಕ್ಷನ್ನಿನಲ್ಲೂ ಅವಕಾಶವಿಲ್ಲ. 26ರಿಂದಲೇ ಭಾಗಿಸಬೇಕು ಎಂದು ನಿಯಮದಲ್ಲಿ ಒಂದು ಸಾಲು ಬರೆದರೆ ಈ ಜಗಳದ ಬಹುಪಾಲು ತೀರುತ್ತದೆ.

ಯಾವ ಸಂಬಳದ ಎರಡು ಪಟ್ಟು ಎಂಬುದರಲ್ಲೂ ಬದಲಾವಣೆಯಾಗಿದೆ. ಹಳೆಯ ಕಾಯ್ದೆ ಬೋನಸ್ ಮತ್ತು ಓಟಿ ಬಿಟ್ಟು, ಬೇಸಿಕ್ ಜೊತೆ ಕಾರ್ಮಿಕರಿಗೆ ಸಲ್ಲುವ ಭತ್ಯೆಗಳನ್ನೂ ಸೇರಿಸಿ ಎಂದಿತ್ತು. ಸಂಹಿತೆಯ ವ್ಯಾಖ್ಯೆಯಲ್ಲಿ ಎಚ್‌ಆರ್‌ಎ, ಪ್ರಯಾಣ ಭತ್ಯೆಯಂಥವು ಹೊರಗೆ. ಆದರೆ ಹೀಗೆ ಹೊರಗಿಟ್ಟದ್ದು ಒಟ್ಟು ಸಂಬಳದ ಅರ್ಧ ದಾಟಿದರೆ, ದಾಟಿದಷ್ಟನ್ನು ವಾಪಸು ಒಳಗೆ ಸೇರಿಸಬೇಕು. ಬೇಸಿಕ್ ಸಣ್ಣದಿಟ್ಟು ಭತ್ಯೆ ಉಬ್ಬಿಸಿದ ಪೇಸ್ಲಿಪ್ ಕಂಡರೆ ಈ ಅರ್ಧದ ಲೆಕ್ಕ ಹಾಕಿಸಿ ನೋಡಿ. ಪೀಸ್ ರೇಟಿನವರಿಗೆ ಹಳೆಯ ಕಾಯ್ದೆಯಲ್ಲಿ ಹಿಂದಿನ ತಿಂಗಳು ಅದೇ ಕೆಲಸದಲ್ಲಿ ದಿನಕ್ಕೆ ಸರಾಸರಿ ಎಷ್ಟು ದುಡಿದಿದ್ದರೋ ಅದೇ ಆಧಾರವಾಗಿತ್ತು. ನಿಯಮದಲ್ಲಿ ಅದೂ ಉಳಿಯಲಿ.

ಎಲ್ಲಕ್ಕಿಂತ ದೊಡ್ಡ ತೂತು ಇನ್ನೊಂದಿದೆ. ಡಬಲ್ ಕೂಲಿಯನ್ನು ಗಂಟೆಯ ಲೆಕ್ಕಕ್ಕೆ ಮಾತ್ರ ಕಟ್ಟಿಹಾಕಿದರೆ, ರಜೆಯ ದಿನ ದುಡಿದವರಿಗೆ ಏನೂ ಸಿಗದೇ ಹೋಗಬಹುದು. ನಮ್ಮ ಟೈಲರು 14ರ ಭಾನುವಾರ ದುಡಿದರು. 17ರ ಬುಧವಾರ ಮಗುವಿಗೆ ಜ್ವರವೆಂದು ತಮ್ಮದೇ ಗಳಿಕೆ ರಜೆ ಹಾಕಿದರು. ಆ ವಾರ ದುಡಿದದ್ದು ಆರು ದಿನ, 48 ಗಂಟೆ. ಗಂಟೆಯ ಲೆಕ್ಕದಲ್ಲಿ ಓಟಿ ಸೊನ್ನೆ. ಒಂದು ದಿನದ ಗಳಿಕೆ ರಜೆಯೂ ಹೋಯಿತು, ಭಾನುವಾರವೂ ಹೋಯಿತು. ಇನ್ನೂ ಕೆಟ್ಟದ್ದೆಂದರೆ ಆ ಬುಧವಾರವನ್ನೇ ಬದಲಿ ರಜೆಯೆಂದು ರಿಜಿಸ್ಟರಿನಲ್ಲಿ ತಿದ್ದಿಬಿಡುತ್ತಾರೆ. ಪರೀಕ್ಷಿಸುವ ದಾರಿ ಸುಲಭ: ಹಾಜರಿ ಪುಸ್ತಕದ ಬದಲಿ ರಜೆಯ ತಾರೀಕುಗಳನ್ನೂ ರಜೆ ಅರ್ಜಿಗಳ ತಾರೀಕುಗಳನ್ನೂ ಪಕ್ಕಪಕ್ಕ ಇಡಿ. ಒಂದೇ ದಿನ ಎರಡರಲ್ಲೂ ಕಂಡರೆ ವಂಚನೆ ಅಲ್ಲೇ ಇದೆ.

ಈ ತೂತು ಮುಚ್ಚುವ ಅಧಿಕಾರ ನಿಮ್ಮ ಕೈಯಲ್ಲಿದೆ. ವೇತನ ಸಂಹಿತೆ 2019ರ 13ನೇ ಸೆಕ್ಷನ್ ಪ್ರಕಾರ, ಏಳು ದಿನಕ್ಕೊಂದು ಸಂಬಳ ಸಹಿತ ಬಿಡುವಿನ ದಿನವನ್ನೂ, ಆ ದಿನ ಕೆಲಸ ಮಾಡಿದರೆ ಓಟಿ ದರಕ್ಕಿಂತ ಕಡಿಮೆಯಿಲ್ಲದ ಕೂಲಿಯನ್ನೂ ಸರ್ಕಾರ ಗೊತ್ತುಪಡಿಸಬಹುದು. ಇಲ್ಲಿ ಅಳತೆ ಗಂಟೆಯಲ್ಲ, ದಿನ. 1948ರ ಕನಿಷ್ಠ ವೇತನ ಕಾಯ್ದೆಯಲ್ಲೂ ಇದೇ ಮಾತಿತ್ತು. ಕೇಂದ್ರದ 1950ರ ಕನಿಷ್ಠ ವೇತನ ನಿಯಮಗಳ 23ನೇ ನಿಯಮ ಇದನ್ನು ಇನ್ನೂ ಬಿಡಿಸಿ ಹೇಳಿತ್ತು: ಬಿಡುವಿನ ದಿನ ದುಡಿಸಿ ಬದಲಿ ದಿನ ಕೊಟ್ಟರೂ, ದುಡಿದ ದಿನಕ್ಕೆ ಓಟಿ ದರ, ಬದಲಿ ದಿನಕ್ಕೆ ಮಾಮೂಲಿ ಕೂಲಿ. ಅಂದರೆ ಎರಡೂ. ನಮ್ಮ ಅಭಿಪ್ರಾಯವೂ ಅದೇ. ಕರೆದ ದಿನಕ್ಕೆ ಡಬಲ್ ಕೂಲಿ, ಅದರ ಜೊತೆಗೆ ಮೂರು ದಿನದೊಳಗೆ ಬದಲಿ ರಜೆ. ಬದಲಿ ರಜೆ ದೇಹಕ್ಕೆ ಬೇಕಾದ ಬಿಡುವು. ಡಬಲ್ ಕೂಲಿ, ಮಕ್ಕಳು ಮನೆಯಲ್ಲಿರುವ ಒಂದೇ ದಿನವನ್ನು ಕಿತ್ತುಕೊಂಡದ್ದಕ್ಕೆ ತೆರಬೇಕಾದ ದರ. ಮಂಗಳವಾರ ಸಿಗುವ ರಜೆಯಲ್ಲಿ ಮಕ್ಕಳು ಶಾಲೆಯಲ್ಲಿರುತ್ತಾರೆ, ಗಂಡ ಅಥವಾ ಹೆಂಡತಿ ಕೆಲಸಕ್ಕೆ ಹೋಗಿರುತ್ತಾರೆ.

ಮಾಲಿಕರ ಕಡೆಯಿಂದ ಬರುವ ಒಂದು ಆಕ್ಷೇಪಕ್ಕೆ ಹುರುಳಿದೆ, ಅದನ್ನು ಮುಚ್ಚಿಡುವುದಿಲ್ಲ. ಕರೆಂಟಿನ ಕಾರಣಕ್ಕೋ ಪಾಳಿಯ ಕಾರಣಕ್ಕೋ ವಾರದ ರಜೆಯನ್ನೇ ಬುಧವಾರಕ್ಕೋ ಶುಕ್ರವಾರಕ್ಕೋ ಗೊತ್ತು ಮಾಡಿಕೊಂಡ ಕಾರ್ಖಾನೆಗಳಿವೆ. ಅಲ್ಲಿ ಭಾನುವಾರ ಮಾಮೂಲಿ ಕೆಲಸದ ದಿನ, ಡಬಲ್ ಬರುವುದಿಲ್ಲ. ಅವರ ಬುಧವಾರ ಕರೆದರೆ ಬರುತ್ತದೆ. ನಾವು ಕೇಳುತ್ತಿರುವುದು ಗೊತ್ತಾದ ರಜೆಯನ್ನು ಮುರಿದು ಕರೆದ ದಿನದ ಬಗ್ಗೆ ಮಾತ್ರ.

ಓಟಿಗೆ ಮೂರು ತಿಂಗಳಿಗೆ ಇಷ್ಟೇ ಗಂಟೆ ಎಂಬ ಮಿತಿ ಇದೆಯಲ್ಲ, ಅದೇ ಸಾಕು ಎನ್ನುವವರಿಗೂ ಒಂದು ಲೆಕ್ಕ. 2023ರಲ್ಲಿ ನಮ್ಮ ರಾಜ್ಯ ಕಾರ್ಖಾನೆಗಳ ಕಾಯ್ದೆಗೆ ತಿದ್ದುಪಡಿ ತಂದು ಆ ಮಿತಿಯನ್ನು 75ರಿಂದ 144 ಗಂಟೆಗೆ ಏರಿಸಿತು. 75 ಗಂಟೆ ಇದ್ದಾಗ ಎಂಟೆಂಟು ಗಂಟೆಯ ಒಂಬತ್ತು ಭಾನುವಾರಕ್ಕೆ 72 ಆಗಿ ಬಾಗಿಲು ಮುಚ್ಚುತ್ತಿತ್ತು. 144ರಲ್ಲಿ ಮೂರು ತಿಂಗಳ 13 ಭಾನುವಾರವೂ ಸೇರಿ 104 ಗಂಟೆ, ಇನ್ನೂ 40 ಉಳಿಯುತ್ತದೆ. ಅಂದರೆ ಒಂದೂ ರಜೆ ಕೊಡದೆ ದುಡಿಸಿದರೂ ಆ ಮಿತಿ ತಡೆಯುವುದಿಲ್ಲ. ಸಂಹಿತೆಯ ನಿಯಮದಲ್ಲೂ ಅದೇ 144 ಇಟ್ಟರೆ, ವಾರದ ರಜೆಯನ್ನು ಕಾಯಬಲ್ಲದ್ದು ರಜೆಯ ನಿಯಮ ಒಂದೇ.

ರಾತ್ರಿ ಪಾಳಿಯವರ ರಜೆಯನ್ನು ಕದಿಯುವುದು ಇನ್ನೂ ಸುಲಭ, ಅದು ಕಾಗದದ ಮೇಲೆ ಕಾಣುವುದೇ ಇಲ್ಲ. ಶನಿವಾರ ರಾತ್ರಿ 10ಕ್ಕೆ ಹೋದವರು ಭಾನುವಾರ ಬೆಳಗ್ಗೆ 6ಕ್ಕೆ ಹೊರಬರುತ್ತಾರೆ. ಅವರಿಗೆ "ಇಡೀ ದಿನದ ರಜೆ" ಎಂದರೆ ಪಾಳಿ ಮುಗಿದ ಹೊತ್ತಿನಿಂದ ಒಂದೇ ಸಮನೆ 24 ಗಂಟೆ ಎಂದು ಹಳೆಯ ಕಾಯ್ದೆಯ 57ನೇ ಸೆಕ್ಷನ್ ಹೇಳಿತ್ತು. ಅಂದರೆ ಸೋಮವಾರ ಬೆಳಗ್ಗೆ 6ರವರೆಗೆ. ಭಾನುವಾರ ರಾತ್ರಿ 10ರ ಪಾಳಿಗೆ ಮತ್ತೆ ಕರೆದರೆ ಸಿಕ್ಕಿದ್ದು 16 ಗಂಟೆ ಮಾತ್ರ, ರಜೆ ಸಿಗಲಿಲ್ಲ. ಹಾಜರಿಯಲ್ಲಿ ಮಾತ್ರ ಭಾನುವಾರದ ಕಾಲಮಿನಲ್ಲಿ "ವಾ.ರ." ಎಂದಿರುತ್ತದೆ. ರಾತ್ರಿ ಪಾಳಿಯ ರಜೆಯನ್ನು ತಾರೀಕಿನಿಂದ ಅಳೆಯಬೇಡಿ, ಪಂಚಿಂಗ್‌ನ ಕೊನೆಯ ಔಟ್ ಮತ್ತು ಮುಂದಿನ ಇನ್ ನಡುವಿನ ಗಂಟೆಯಿಂದ ಅಳೆಯಿರಿ.

ಅರ್ಧ ದಿನ ಕರೆಯುವುದೂ ಹಾಗೆಯೇ. ಬೆಳಗ್ಗೆ 9ರಿಂದ 1ರವರೆಗೆ ನಾಲ್ಕು ಗಂಟೆ ದುಡಿಸಿ, ಇನ್ನೊಂದು ದಿನ ಮಧ್ಯಾಹ್ನ ಬೇಗ ಬಿಟ್ಟರೆ ಸರಿಹೋಯಿತು ಎನ್ನುತ್ತಾರೆ. ಸರಿಹೋಗುವುದಿಲ್ಲ. ರಜೆ ಎಂದರೆ ಇಡೀ ದಿನ. ಒಂದು ಗಂಟೆಗೆ ಕರೆದರೂ ಆ ದಿನ ಮುರಿಯಿತು, ಬದಲಿಗೆ ಇಡೀ ದಿನವೇ ಬೇಕು.

ಔದ್ಯೋಗಿಕ ಸುರಕ್ಷತೆಯ ಸಂಹಿತೆ ಒಂದು ಒಳ್ಳೆಯದನ್ನು ತಂದಿದೆ. 27ನೇ ಸೆಕ್ಷನ್ ಪ್ರಕಾರ ಕಾರ್ಮಿಕರ ಒಪ್ಪಿಗೆ ಇಲ್ಲದೆ ಓಟಿ ಮಾಡಿಸುವಂತಿಲ್ಲ. ದಿನದ ಲೆಕ್ಕ, ವಾರದ ಲೆಕ್ಕ, ಇವೆರಡರಲ್ಲಿ ಕಾರ್ಮಿಕರಿಗೆ ಯಾವುದು ಲಾಭವೋ ಅದನ್ನೇ ಹಿಡಿಯಬೇಕು. ಆದರೆ ಲೈನಿನಲ್ಲಿ ಒಪ್ಪಿಗೆ ಹೇಗೆ ಪಡೆಯುತ್ತಾರೆ? ಹೆಸರುಗಳ ಒಂದು ಹಾಳೆ ಶನಿವಾರ ಸಂಜೆ ಮಷೀನಿನಿಂದ ಮಷೀನಿಗೆ ಬರುತ್ತದೆ, ಎದುರಿಗೆ ಸಹಿ. ಮೇಲಿನ ಸಾಲಿನಲ್ಲಿ ಏನು ಬರೆದಿದೆ ಎಂದು ಓದುವಷ್ಟು ಹೊತ್ತು ಯಾರೂ ನಿಲ್ಲುವುದಿಲ್ಲ. ಇಂಥ ಹಾಳೆಯನ್ನು ಒಪ್ಪಿಗೆಯೆಂದು ಪರಿಗಣಿಸಬಾರದು. ಒಬ್ಬೊಬ್ಬರಿಗೂ ಬೇರೆ ಚೀಟಿ, ಕನ್ನಡದಲ್ಲಿ ಅಥವಾ ಅವರಿಗೆ ಓದಲು ಬರುವ ಭಾಷೆಯಲ್ಲಿ, ಒಂದು ಪ್ರತಿ ಅವರ ಕೈಗೆ. ನೋಟಿಸ್ ಬೋರ್ಡಿನಲ್ಲಿ ಹಾಕಬೇಕಾದದ್ದಂತೂ ಇಷ್ಟು ಸರಳ:

"ಸೂಯಿಂಗ್ ವಿಭಾಗ, ಲೈನ್ 4 ಮತ್ತು 5. ಕೆಲಸಕ್ಕೆ ಕರೆದ ವಾರದ ರಜೆ: 14-6-2026, ಭಾನುವಾರ, ಬೆಳಗ್ಗೆ 9ರಿಂದ 5.30. ಬದಲಿ ರಜೆ: 16-6-2026, ಮಂಗಳವಾರ, ಇಡೀ ದಿನ, ಸಂಬಳ ಸಹಿತ. ಭಾನುವಾರದ ಕೂಲಿ: ಎರಡು ಪಟ್ಟು, ಜೂನ್ ಸಂಬಳದ ಜೊತೆ. ಬರಲು ಒಪ್ಪದವರ ಮೇಲೆ ಕ್ರಮವಿಲ್ಲ. ನೋಟಿಸು ಹಾಕಿದ್ದು: 11-6-2026, ಬೆಳಗ್ಗೆ 10."

ಪೇಸ್ಲಿಪ್‌ನಲ್ಲೂ ರಜೆಯ ದಿನದ ಕೆಲಸಕ್ಕೆ ಪ್ರತ್ಯೇಕ ಸಾಲು ಬೇಕು: ತಾರೀಕು, ಗಂಟೆ, ದರ, ಮೊತ್ತ, ಬದಲಿ ರಜೆಯ ತಾರೀಕು. ಮಾಮೂಲಿ ಓಟಿಯ ಜೊತೆ ಕಲಸಿದರೆ ಯಾವ ಭಾನುವಾರದ್ದು ಬಂತು, ಯಾವುದು ಬರಲಿಲ್ಲ ಎಂದು ಹೇಳಲು ಯಾರಿಂದಲೂ ಆಗುವುದಿಲ್ಲ.

ಕೊನೆಯದಾಗಿ, ಪುಸ್ತಕಕ್ಕೇ ಬಾರದ ಭಾನುವಾರಗಳು. ಅಂದು ಪಂಚಿಂಗ್ ಮಷೀನ್ ಆಫ್. ಹಾಜರಿ ಒಂದು ಕಚ್ಚಾ ನೋಟ್‌ಬುಕ್ಕಿನಲ್ಲಿ. ದುಡ್ಡು ಕವರಿನಲ್ಲಿ, ಸಹಿ ಇಲ್ಲದೆ. ಓಟಿಯ ಮೇಲೂ ಕಟ್ಟಬೇಕಾದ ಇಎಸ್‌ಐ ವಂತಿಗೆ ಕಟ್ಟುವುದಿಲ್ಲ. ಅಂಥ ಭಾನುವಾರ ಸೂಜಿ ಬೆರಳಿಗೆ ಹೊಕ್ಕರೆ, ಪ್ರೆಸ್ಸಿನಲ್ಲಿ ಕೈ ಸಿಕ್ಕರೆ, ಆ ವ್ಯಕ್ತಿ ಅಂದು ಕಾರ್ಖಾನೆಯಲ್ಲಿ ಇರಲೇ ಇಲ್ಲ ಎಂದು ರಿಜಿಸ್ಟರು ಹೇಳುತ್ತದೆ. ಗುತ್ತಿಗೆಯವರ ವಿಷಯದಲ್ಲಿ ಇನ್ನೊಂದು ಉಪಾಯವಿದೆ: ವಾರದ ಆರು ದಿನ ಒಬ್ಬ ಕಂಟ್ರಾಕ್ಟರ ಮಸ್ಟರ್ ರೋಲ್, ಭಾನುವಾರ ಮಾತ್ರ ಇನ್ನೊಬ್ಬರದು. ಎರಡರಲ್ಲೂ 48 ದಾಟುವುದಿಲ್ಲ. ಎರಡು ರೋಲುಗಳನ್ನು ಇಎಸ್‌ಐ ಅಥವಾ ಯುಎಎನ್ ನಂಬರಿನಿಂದ ಜೋಡಿಸಿ ನೋಡಿದರೆ ಒಂದೇ ಜನ ಎರಡೂ ಕಡೆ ಕಾಣುತ್ತಾರೆ.

ನಿಮ್ಮ ಅಧಿಕಾರಿಗಳು ಹಾಜರಿ ಪುಸ್ತಕವನ್ನೇ ಕೇಳಿ ಕೂತರೆ ಇದು ಸಿಗುವುದಿಲ್ಲ. ಭಾನುವಾರದ ಗೇಟ್ ರಿಜಿಸ್ಟರ್, ಕಂಪನಿ ಬಸ್ಸಿನ ಟ್ರಿಪ್ ಶೀಟ್, ಕ್ಯಾಂಟೀನಿನ ಊಟದ ಲೆಕ್ಕ, ಜನರೇಟರಿನ ಲಾಗ್, ಮಾಲು ಹೊರಟ ಚಲನ್, ಇವುಗಳಲ್ಲಿ ಎರಡನ್ನು ತೆಗೆಸಿದರೂ ಸಾಕು. ನೂರೈವತ್ತು ಊಟ ಬಡಿಸಿದ ದಿನ ಹಾಜರಿಯಲ್ಲಿ ಹನ್ನೆರಡು ಜನ ಇರಲು ಸಾಧ್ಯವಿಲ್ಲ. ಕಾರ್ಮಿಕರೂ ತಮ್ಮ ಕಡೆಯಿಂದ ಕರೆದ ತಾರೀಕು, ಒಳಗೆ ಹೋದ ಮತ್ತು ಹೊರಬಂದ ಹೊತ್ತು, ಕರೆದವರು ಯಾರು, ಬದಲಿ ರಜೆ ಯಾವಾಗ ಸಿಕ್ಕಿತು ಎಂಬ ನಾಲ್ಕನ್ನು ಅಂದಂದೇ ಬರೆದಿಡಲಿ, ವಾಟ್ಸಾಪ್ ಮೆಸೇಜನ್ನು ಅಳಿಸದಿರಲಿ. ವೇತನ ಸಂಹಿತೆಯಲ್ಲಿ ಬಾಕಿ ಕೇಳಲು ಮೂರು ವರ್ಷದ ಅವಕಾಶವಿದೆ. ಆ ಮೂರು ವರ್ಷದಲ್ಲಿ ಕಾರ್ಖಾನೆಯ ಕಚ್ಚಾ ನೋಟ್‌ಬುಕ್ ಉಳಿಯುವುದಿಲ್ಲ, ಇವರ ಡೈರಿ ಉಳಿಯುತ್ತದೆ. ಆ ಡೈರಿಯನ್ನು ಸಾಕ್ಷಿಯಾಗಿ ಸ್ವೀಕರಿಸಬೇಕು, ಅದನ್ನು ಸುಳ್ಳೆಂದು ತೋರಿಸುವ ಹೊಣೆ ಭಾನುವಾರದ ಪುಸ್ತಕ ಇಡದ ಮಾಲಿಕರ ಮೇಲೆ ಬೀಳಬೇಕು ಎಂದು ನಿಯಮದಲ್ಲಿ ಬರೆಯಿರಿ.

ಇಂತಿ,
ಕಾರ್ಖಾನೆ ಕಾರ್ಮಿಕರ ಕೂಲಿ ಮತ್ತು ಹಾಜರಿ ಲೆಕ್ಕ ನೋಡುವ ಕಾರ್ಯಕರ್ತರು
ಬೆಂಗಳೂರು